ಶಾಲಾ ಕ್ರೀಡಾಕೂಟದ ಉದ್ಘಾಟನಾ ಭಾಷಣ: ಕೊನೆಗೆ ಬರುವ ಮಗುವೂ ಓಡುವಂತೆ ಬರೆಯುವುದು ಹೇಗೆ

ವಾರ್ಷಿಕ ಕ್ರೀಡಾಕೂಟದ ಬೆಳಗ್ಗೆ ಮೈಕಿನ ಮುಂದೆ ನಿಲ್ಲುವವರು ಸಾಮಾನ್ಯವಾಗಿ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು ಅಥವಾ ಅದೇ ಶಾಲೆಯಲ್ಲಿ ಓದಿ ಹೋದ ಅತಿಥಿ. ಯಾರೇ ನಿಂತರೂ ಒಂದು ಮಾತು ಬಂದೇ ಬರುತ್ತದೆ: "ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ." ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಯಾವ ಆಟಕ್ಕೂ ಹೆಸರು ಕೊಡದೆ ಹಿಂದಿನ ಸಾಲಿನಲ್ಲಿ ನಿಂತ ಹುಡುಗಿ ಆ ಮಾತು ಕೇಳಿ ಮುಂದೆ ಬರುವುದಿಲ್ಲ. ಅವಳಿಗಿರುವುದು ಸೋಲುವ ಭಯವಲ್ಲ. ಕೊನೆಗೆ ಬಂದಾಗ ಎಲ್ಲರೂ ನಗುತ್ತಾರಲ್ಲ ಅನ್ನುವ ಭಯ. ಭಾಷಣ ಆ ಭಯಕ್ಕೆ ಏನಾದರೂ ಮಾಡಬೇಕು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕ್ರೀಡಾಕೂಟದ ನಿರೂಪಣೆ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಈ ಭಾಷಣಗಳನ್ನು ಮಕ್ಕಳ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಮಕ್ಕಳು ಯಾವ ಮಾತಿಗೆ ತಲೆ ಎತ್ತುತ್ತಾರೆ, ಯಾವ ಮಾತಿಗೆ ಕಾಲಿನಿಂದ ಮಣ್ಣು ಕೆದಕುತ್ತಾರೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನು ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಡುವೆ ಒಂದು ಪೂರ್ತಿ ಭಾಷಣವೂ ಇದೆ. ನಿಮ್ಮ ಶಾಲೆಗೆ ಹೊಂದಿಸಿಕೊಂಡು ಬಳಸಬಹುದು.

ಮೊದಲು ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ

ಭಾಷಣ ಬರೆಯಲು ಕೂರುವ ಮೊದಲು ದೈಹಿಕ ಶಿಕ್ಷಕರ ಜೊತೆ ಹತ್ತು ನಿಮಿಷ ಕೂತುಕೊಳ್ಳಿ. ಅತಿಥಿಯಾಗಿ ಹೋಗುವವರಾದರೆ ಎರಡು ದಿನ ಮೊದಲೇ ಫೋನ್ ಮಾಡಿ. ಹೆಸರು ಕೊಟ್ಟ ಮಕ್ಕಳ ಪಟ್ಟಿ ಅವರ ಬಳಿ ಇರುತ್ತದೆ. ಎಷ್ಟು ಮಕ್ಕಳು ಒಂದು ಆಟಕ್ಕೂ ಹೆಸರು ಕೊಟ್ಟಿಲ್ಲ, ಯಾವ ಸ್ಪರ್ಧೆಗೆ ಮಕ್ಕಳೇ ಸಿಕ್ಕಿಲ್ಲ, ಯಾವ ತರಗತಿಯಿಂದ ಹೆಸರು ಕಡಿಮೆ ಬಂದಿದೆ ಎಂದು ಕೇಳಿ. ಎಂಟನೇ ತರಗತಿಯಲ್ಲಿ ಓಡುತ್ತಿದ್ದ ಹುಡುಗಿಯರು ಹತ್ತನೇ ತರಗತಿಗೆ ಬರುವಷ್ಟರಲ್ಲಿ ಹೆಸರು ಕೊಡುವುದನ್ನೇ ನಿಲ್ಲಿಸಿರುವುದು ಎಷ್ಟೋ ಶಾಲೆಗಳಲ್ಲಿ ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಯಾಕೆ ಎಂದೂ ಅವರನ್ನೇ ಕೇಳಿ. ಉತ್ತರಗಳು ಸರಳವಾಗಿರುತ್ತವೆ. ಯೂನಿಫಾರ್ಮಿನಲ್ಲಿ ಓಡಲು ಮುಜುಗರ. ಬೂಟಿಲ್ಲ. ಮುಟ್ಟಿನ ದಿನ. ಹೋದ ವರ್ಷ ಬಿದ್ದಾಗ ನಕ್ಕಿದ್ದರು. ಹೌಸ್ ಕ್ಯಾಪ್ಟನ್ "ನೀನು ಬೇಡ, ಪಾಯಿಂಟ್ ಹೋಗುತ್ತೆ" ಅಂದ. ಇವುಗಳಲ್ಲಿ ಕೆಲವನ್ನು ಭಾಷಣದಿಂದ ಸರಿಮಾಡಲು ಆಗುವುದಿಲ್ಲ. ಅವಕ್ಕೆ ಶಿಕ್ಷಕಿಯರು ಪಕ್ಕಕ್ಕೆ ಕರೆದು ಮಾತಾಡುವುದೇ ಸರಿ. ನಗು ಮತ್ತು ಪಾಯಿಂಟ್ ಮಾತ್ರ ಮೈಕಿನಿಂದಲೇ ಬದಲಾಯಿಸಬಹುದಾದ ವಿಷಯಗಳು. ಭಾಷಣವನ್ನು ಆ ಎರಡರ ಸುತ್ತ ಕಟ್ಟಿ.

ಒಂದು ಎಚ್ಚರಿಕೆ. ಈ ಸಂಖ್ಯೆಗಳು ನಿಮಗೆ ತಿಳಿದಿರಲಿ, ಆದರೆ ಮೈಕಿನಲ್ಲಿ ಹೇಳಬೇಡಿ. "ನಮ್ಮ ಶಾಲೆಯ 65 ಮಕ್ಕಳು ಹೆಸರೇ ಕೊಟ್ಟಿಲ್ಲ" ಅಂದರೆ ಆ ಅರವತ್ತೈದು ಜನ ತಲೆ ತಗ್ಗಿಸುತ್ತಾರೆ, ಉಳಿದವರು ತಿರುಗಿ ನೋಡುತ್ತಾರೆ. ಮುಂದೆ ಬರುವ ಮನಸ್ಸು ಮಾಡಿದ್ದವರೂ ಹಿಂದೆ ಸರಿಯುತ್ತಾರೆ.

ಭಾಷಣಕ್ಕಿಂತ ಮೊದಲು ಮೈದಾನದಲ್ಲಿ ಮೂರು ಏರ್ಪಾಡು

ಮಾತು ಒಂದು, ಮೈದಾನದಲ್ಲಿ ನಡೆಯುವುದು ಇನ್ನೊಂದು ಆದರೆ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. ಭಾಗವಹಿಸುವುದೇ ಮುಖ್ಯ ಅಂತ ಹೇಳಿ ಮುಗಿಸಿದ ಹತ್ತೇ ನಿಮಿಷಕ್ಕೆ ಮೊದಲ ಓಟ ಶುರುವಾಗುತ್ತದೆ. ಮೂವರು ಗೆರೆ ದಾಟಿದ ಕೂಡಲೇ ಸ್ವಯಂಸೇವಕರು ಅವರನ್ನು ಹಿಡಿದುಕೊಂಡು ಹೆಸರು ಬರೆಸಲು ಓಡುತ್ತಾರೆ. ಹುಡುಗರು ಟ್ರ್ಯಾಕಿನೊಳಗೆ ನುಗ್ಗುತ್ತಾರೆ. ಇನ್ನೂ ಓಡುತ್ತಿರುವ ನಾಲ್ಕನೆಯ, ಐದನೆಯ ಮಗು ಆ ಗುಂಪನ್ನು ನೋಡಿ ಗೆರೆಗೆ ಹತ್ತು ಹೆಜ್ಜೆ ಇರುವಾಗಲೇ ನಡೆಯಲು ಶುರುಮಾಡುತ್ತದೆ, ಪಕ್ಕಕ್ಕೆ ಹೊರಟು ಹೋಗುತ್ತದೆ. ನಿಮ್ಮ ಶಾಲೆಯ ಹೋದ ವರ್ಷದ ವಿಡಿಯೋ ಇದ್ದರೆ ತೆಗೆದು ನೋಡಿ, ಇದು ಕಾಣಬಹುದು.

ಹಾಗಾಗಿ ಮೊದಲ ಏರ್ಪಾಡು ಮುಕ್ತಾಯದ ಗೆರೆಯಲ್ಲಿ. ಸ್ಥಾನ ಬರೆದುಕೊಳ್ಳುವವರ ಹೊರತಾಗಿ ಇಬ್ಬರು ಮಕ್ಕಳನ್ನು ಕೊನೆಯ ಓಟಗಾರರಿಗಾಗಿಯೇ ನಿಲ್ಲಿಸಿ. ಕೊನೆಯವರು ದಾಟುವ ತನಕ ಅವರು ಕದಲಬಾರದು, ಯಾರನ್ನೂ ಟ್ರ್ಯಾಕಿಗೆ ಬಿಡಬಾರದು. ಮುಂದಿನ ಓಟದ ಸೀಟಿಯೂ ಅಲ್ಲಿಯವರೆಗೆ ಊದಬಾರದು. 100 ಮೀಟರಿನಲ್ಲಿ ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. 800 ಅಥವಾ 1500 ಮೀಟರಿನಲ್ಲಿ ಎರಡು ಮೂರು ನಿಮಿಷ ಹೆಚ್ಚಾಗಬಹುದು. ಆ ಹೊತ್ತನ್ನು ವೇಳಾಪಟ್ಟಿಯಲ್ಲೇ ಸೇರಿಸಿಕೊಳ್ಳಿ. ಇಲ್ಲದಿದ್ದರೆ ತಡವಾಯಿತು ಅನ್ನುವ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

ಎರಡನೆಯದು ಪಾಯಿಂಟ್. ಹೆಚ್ಚಿನ ಶಾಲೆಗಳಲ್ಲಿ ಹೌಸ್‌ಗಳಿಗೆ ಪಾಯಿಂಟ್ ಸಿಗುವುದು ಮೊದಲ ಮೂರು ಸ್ಥಾನಕ್ಕೆ ಮಾತ್ರ. 5, 3, 1 ಅಂತ ಇಟ್ಟುಕೊಳ್ಳೋಣ. ಈ ಲೆಕ್ಕದಲ್ಲಿ ನಿಧಾನವಾಗಿ ಓಡುವ ಮಗು ಹೌಸಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಕ್ಯಾಪ್ಟನ್ ಅವಳನ್ನು ಬೇಡ ಅನ್ನುವುದು ಸಹಜ. ಇದಕ್ಕೆ ಒಂದೇ ನಿಯಮ ಸೇರಿಸಿ: ಓಟ ಪೂರ್ತಿ ಮುಗಿಸಿದ ಪ್ರತಿಯೊಬ್ಬರಿಗೂ ಹೌಸಿಗೆ 1 ಪಾಯಿಂಟ್. ಆರು ಜನ ಓಡಿದ ಒಂದು ಓಟದಲ್ಲಿ ಕೆಂಪು ಹೌಸಿನ ಇಬ್ಬರು ನಾಲ್ಕನೆಯ ಮತ್ತು ಆರನೆಯ ಸ್ಥಾನಕ್ಕೆ ಬಂದರು ಅನ್ನಿ. ಹಳೆಯ ಲೆಕ್ಕದಲ್ಲಿ ಸೊನ್ನೆ. ಹೊಸ ಲೆಕ್ಕದಲ್ಲಿ 2. ಗೆದ್ದವರ ಹೌಸಿಗೆ 5 ಮತ್ತು 1 ಸೇರಿ 6 ಸಿಗುತ್ತದೆ, ಅವರಿಗೇನೂ ನಷ್ಟವಿಲ್ಲ. ಕ್ಯಾಪ್ಟನ್ ಮಾತ್ರ ಈಗ ಹೆಸರು ಹುಡುಕಿಕೊಂಡು ಹಿಂದಿನ ಬೆಂಚಿಗೇ ಬರುತ್ತಾನೆ. ಹೆಸರು ಕೊಡುವ ಕೊನೆಯ ದಿನಕ್ಕಿಂತ ಒಂದು ವಾರ ಮೊದಲೇ ಇದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿಬಿಡಬೇಕು. ಉದ್ಘಾಟನೆಯ ದಿನ ಹೇಳಿದರೆ ತಡವಾಯಿತು, ಆ ದಿನ ನೆನಪಿಸಿದರೆ ಸಾಕು.

ಮೂರನೆಯದು ಎಲ್ಲರ ಓಟ. ಹೆಸರು ಕೊಡದವರೂ ಅಂದೇ ಸೇರಬಹುದಾದ ಒಂದು ಕಾರ್ಯಕ್ರಮ ಇರಲೇಬೇಕು. ಮೈದಾನಕ್ಕೆ ಒಂದು ಸುತ್ತು, ಓಡಬಹುದು, ನಡೆಯಬಹುದು, ಸ್ಥಾನ ಇಲ್ಲ. ಕಾಲಿಗೆ ತೊಂದರೆ ಇರುವ ಮಗು ಗೆಳತಿಯ ಕೈಹಿಡಿದು ಬರಬಹುದು. ಇದು ಇಲ್ಲದೆ "ಎಲ್ಲರೂ ಭಾಗವಹಿಸಿ" ಎಂದು ಕರೆದರೆ ಪಟ್ಟಿ ಮುಗಿದು ಹೋದ ಮೇಲೆ ಮಕ್ಕಳು ಭಾಗವಹಿಸುವುದಾದರೂ ಎಲ್ಲಿ, ಅಲ್ವಾ? ಊಟ ಆಗಿ ಒಂದೂವರೆ ಗಂಟೆಯಾದರೂ ಕಳೆದ ಮೇಲೆ ಇಟ್ಟುಕೊಳ್ಳಿ.

ಅತಿಥಿಯಾಗಿ ಹೋಗುವವರಿಗೆ ಇದೆಲ್ಲ ನಿಮ್ಮ ಕೈಯಲ್ಲಿಲ್ಲ. ಆದರೂ ಫೋನಿನಲ್ಲಿ ಮುಖ್ಯ ಶಿಕ್ಷಕರನ್ನು ಕೇಳಬಹುದು. "ಎಲ್ಲರ ಓಟ ಅಂತ ಒಂದು ಇಟ್ಟರೆ ನಾನೂ ಮಕ್ಕಳ ಜೊತೆ ನಡೆಯುತ್ತೇನೆ" ಅಂದರೆ ಬೇಡ ಅನ್ನುವ ಶಾಲೆ ಕಡಿಮೆ.

ಗೆಲ್ಲಲು ಬಂದ ಮಗುವನ್ನು ಸಣ್ಣದು ಮಾಡಬೇಡಿ

ಈ ಭಾಷಣದಲ್ಲಿ ಸುಲಭವಾಗಿ ಆಗಿಬಿಡುವ ಅನ್ಯಾಯ ಒಂದಿದೆ. ಗೆಲುವು ಮುಖ್ಯವಲ್ಲ ಎಂದು ಒತ್ತಿ ಒತ್ತಿ ಹೇಳುತ್ತಾ ಹೋದರೆ, ತಿಂಗಳುಗಟ್ಟಲೆ ಬೆಳಗ್ಗೆ ಆರಕ್ಕೆ ಎದ್ದು ಉದ್ದ ಜಿಗಿತ ಅಭ್ಯಾಸ ಮಾಡಿದ ಹುಡುಗನಿಗೆ ತನ್ನ ಶ್ರಮಕ್ಕೆ ಬೆಲೆಯೇ ಇಲ್ಲವೇನೋ ಅನ್ನಿಸುತ್ತದೆ. ಅವನ ಎದುರಿಗೇ ಮೇಜಿನ ಮೇಲೆ ಕಪ್ಪು, ಪದಕ ಜೋಡಿಸಿಟ್ಟಿರುತ್ತಾರೆ. ಗೆಲುವು ಬೇಡವಾದರೆ ಅವು ಯಾಕೆ ಎಂದು ಯಾವ ಮಗುವಿಗಾದರೂ ಅನ್ನಿಸುತ್ತದೆ.

ಅದಕ್ಕೆ ಗೆಲ್ಲಲು ಬಂದವರಿಗೆ ಮೊದಲೇ ಎರಡು ಸಾಲು ಕೊಟ್ಟುಬಿಡಿ. "ಗೆಲ್ಲಬೇಕು ಅಂತಲೇ ಓಡಿ, ಪೂರ್ತಿ ಶಕ್ತಿ ಹಾಕಿ" ಎಂದು ಮನಸಾರೆ ಹೇಳಿ. ಆಮೇಲೆ ಉಳಿದವರ ಕಡೆ ತಿರುಗಿ. ಗೆಲುವನ್ನು ಕೆಳಗಿಳಿಸುವ ಅಗತ್ಯವೇ ಇಲ್ಲ. ಓಟದಲ್ಲಿ ಗೆಲ್ಲುವವರಿಗೆ ಇರುವಷ್ಟೇ ಜಾಗ ಉಳಿದವರಿಗೂ ಇದೆ ಎಂದು ತೋರಿಸಿದರೆ ಸಾಕು.

ಒಂದೇ ಕಥೆ, ಅದೂ ಸರಿಯಾದದ್ದು

ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಕಥೆಯೇ. ಆದರೆ ಕಥೆ ಆರಿಸುವುದರಲ್ಲಿ ತುಂಬಾ ಜನ ಎಡವುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರಿನಲ್ಲಿ ನಾಲ್ಕನೆಯವರಾದರು. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಪದಕ ಕಳೆದುಕೊಂಡರು. ದೊಡ್ಡ ಓಟಗಾರರು, ದೊಡ್ಡ ಕಥೆಗಳು. ಆದರೆ ಮಕ್ಕಳ ಕಿವಿಗೆ ಬೀಳುವುದು "ಪದಕ ತಪ್ಪಿಹೋಯಿತು" ಅನ್ನುವ ನೋವು. ಭಾಗವಹಿಸುವುದರ ಬಗ್ಗೆ ಹೇಳಲು ಅವು ಹೊಂದುವುದಿಲ್ಲ.

1992ರ ಬಾರ್ಸಿಲೋನಾದ ಡೆರೆಕ್ ರೆಡ್ಮಂಡ್ ಕಥೆಯೂ ತುಂಬಾ ಬಳಕೆಯಲ್ಲಿದೆ. ಓಡುವಾಗ ತೊಡೆಯ ಸ್ನಾಯು ಹರಿದ ಮಗನನ್ನು ಅಪ್ಪ ಓಡಿಬಂದು ಹೆಗಲು ಕೊಟ್ಟು ಗೆರೆಯವರೆಗೆ ಕರೆದೊಯ್ದದ್ದು ಕಣ್ಣು ತುಂಬಿಸುವ ಪ್ರಸಂಗ. ಆದರೂ ಶಾಲಾ ಮೈದಾನದಲ್ಲಿ ನಾನು ಅದನ್ನು ಬೇಡ ಅನ್ನುತ್ತೇನೆ. ಗಾಯವಾದರೂ ನಿಲ್ಲಬಾರದು ಎಂದು ಹದಿಮೂರು ವರ್ಷದ ಮಗು ಅರ್ಥ ಮಾಡಿಕೊಂಡರೆ ಅಪಾಯ. ಕಾಲು ಉಳುಕಿದ ಮಗು ನಿಲ್ಲಲೇಬೇಕು.

ನಾನು ಆರಿಸುವ ಕಥೆ ಎರಿಕ್ ಮುಸ್ಸಾಂಬಾನಿಯದು. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್, 100 ಮೀಟರ್ ಫ್ರೀಸ್ಟೈಲ್ ಈಜು. ಎರಿಕ್ ಆಫ್ರಿಕಾದ ಈಕ್ವಟೋರಿಯಲ್ ಗಿನಿ ದೇಶದವರು. ಸೌಲಭ್ಯ ಕಡಿಮೆ ಇರುವ ದೇಶಗಳಿಗೂ ಅವಕಾಶ ಸಿಗಲಿ ಎಂದು ಕೊಡುವ ವೈಲ್ಡ್ ಕಾರ್ಡ್‌ನಿಂದ ಬಂದವರು. ಈಜು ಕಲಿಯಲು ಶುರುಮಾಡಿ ಒಂದು ವರ್ಷವೂ ಆಗಿರಲಿಲ್ಲ. ಅಭ್ಯಾಸ ಮಾಡಿದ್ದು ಒಂದು ಹೋಟೆಲಿನ ಸಣ್ಣ ಕೊಳದಲ್ಲಿ. ಒಲಿಂಪಿಕ್ಸ್‌ನ 50 ಮೀಟರ್ ಕೊಳವನ್ನು ನೋಡಿದ್ದೇ ಸಿಡ್ನಿಯಲ್ಲಿ. ಅವರ ಸುತ್ತಿನ ಇನ್ನಿಬ್ಬರು ಈಜುಗಾರರು ಸೂಚನೆಗೆ ಮೊದಲೇ ಹಾರಿ ಅನರ್ಹರಾದರು. ಎರಿಕ್ ಒಬ್ಬರೇ ಈಜಬೇಕಾಯಿತು. ಕೊನೆಯ ಮೀಟರುಗಳಲ್ಲಿ ಕೈಕಾಲು ಸೋತವು. ಪ್ರೇಕ್ಷಕರು ಕೂಗಿ ಹುರಿದುಂಬಿಸಿದರು. 1 ನಿಮಿಷ 52.72 ಸೆಕೆಂಡಿಗೆ ಗೋಡೆ ಮುಟ್ಟಿದರು. ಅದೇ ಕೂಟದಲ್ಲಿ ಚಿನ್ನ ಗೆದ್ದವರಿಗೆ ಹಿಡಿದದ್ದು 48.30 ಸೆಕೆಂಡು. ಮುಂದೆ ಎರಿಕ್ ಈಜುವುದನ್ನು ಬಿಡಲಿಲ್ಲ. ತಮ್ಮ ದೇಶದ ಈಜು ತಂಡದ ಕೋಚ್ ಆದರು.

ಈ ಕಥೆ ಯಾಕೆ ಅಂದರೆ, ಇದರಲ್ಲಿ ನೋಡುತ್ತಿದ್ದ ಜನಕ್ಕೂ ಪಾತ್ರವಿದೆ. ನಿಮ್ಮ ಮುಂದಿರುವ ನೂರಾರು ಮಕ್ಕಳಲ್ಲಿ ಒಂದು ಹೊತ್ತಿಗೆ ಓಡುವವರು ಆರು ಜನ. ಉಳಿದವರೆಲ್ಲ ಪ್ರೇಕ್ಷಕರು. ಕೊನೆಯ ಮಗುವಿಗೆ ಆ ಓಟ ಸಿಹಿಯಾಗುವುದೋ ಕಹಿಯಾಗುವುದೋ ಅವರ ಕೈಯಲ್ಲಿದೆ. ಇನ್ನೊಂದು ಅನುಕೂಲವೂ ಇದೆ. ಕೆರೆ, ಬಾವಿ, ಹೊಳೆಯಲ್ಲಿ ಈಜಿದ ಮಕ್ಕಳಿಗೆ ಕೈ ಸೋಲುವುದು ಅಂದರೇನು ಎಂದು ವಿವರಿಸಬೇಕಾಗಿಲ್ಲ.

ಹೇಳುವಾಗ ನೆನಪಿಡಬೇಕಾದದ್ದು, ಇದನ್ನು ತಮಾಷೆಯ ಕಥೆ ಮಾಡಬೇಡಿ. ಎರಿಕ್ ಕೈಬೀಸಿದ್ದನ್ನು ಅನುಕರಿಸಿ ತೋರಿಸಿದರೆ ಮಕ್ಕಳು ನಗುತ್ತಾರೆ. ಆಮೇಲೆ ಕೊನೆಯ ಓಟಗಾರನನ್ನು ನೋಡಿಯೂ ಹಾಗೇ ನಗುತ್ತಾರೆ. ಚಿನ್ನದ ಸಮಯದ ಜೊತೆ ಹೋಲಿಸುವ ಅಂಕಿಯನ್ನೂ ನಾನು ಭಾಷಣದಲ್ಲಿ ಹಾಕುವುದಿಲ್ಲ. ಅದು ನಿಮಗೆ ತಿಳಿದಿದ್ದರೆ ಸಾಕು.

ಭಾಗವಹಿಸುವುದೇ ಮುಖ್ಯ ಅನ್ನುವ ಮಾತಿನ ಮೂಲವನ್ನೂ ಕೆಲವರು ಹೇಳಲು ಇಷ್ಟಪಡುತ್ತಾರೆ. ಆಧುನಿಕ ಒಲಿಂಪಿಕ್ಸ್ ಶುರುಮಾಡಿದ ಪಿಯರ್ ದ ಕುಬರ್ತೆ 1908ರಲ್ಲಿ ಲಂಡನ್ನಿನಲ್ಲಿ ಆ ಮಾತು ಆಡಿದರು. ಅದನ್ನು ತಾನು ತೆಗೆದುಕೊಂಡದ್ದು ಕೆಲವು ದಿನ ಮೊದಲು ಅಲ್ಲಿ ಪ್ರವಚನ ಮಾಡಿದ್ದ ಅಮೆರಿಕದ ಒಬ್ಬ ಬಿಷಪ್‌ರಿಂದ ಎಂದು ಅವರೇ ಹೇಳಿದ್ದರು. ತಿಳಿದಿರಲಿ. ಆದರೆ ಬಿಸಿಲಲ್ಲಿ ಕೂತ ಮಕ್ಕಳಿಗೆ ಇದು ಬೇಕಾಗಿಲ್ಲ.

ಒಂದು ಪೂರ್ತಿ ಭಾಷಣ

ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಎಂದು ಇಟ್ಟುಕೊಳ್ಳೋಣ. 8ರಿಂದ 10ನೇ ತರಗತಿವರೆಗೆ 186 ಮಕ್ಕಳು. 121 ಮಕ್ಕಳು ಹೆಸರು ಕೊಟ್ಟಿದ್ದಾರೆ. ಪಥಸಂಚಲನ, ಧ್ವಜಾರೋಹಣ, ಕ್ರೀಡಾಜ್ಯೋತಿ, ಪ್ರತಿಜ್ಞೆ ಎಲ್ಲ ಮುಗಿದಿದೆ. ಮುಖ್ಯ ಶಿಕ್ಷಕಿ ಮೈಕಿಗೆ ಬರುತ್ತಾರೆ. ಪಿ.ಟಿ. ಮೇಷ್ಟ್ರು ಮಕ್ಕಳನ್ನು ಆಗಲೇ ನೆಲದ ಮೇಲೆ ಕೂರಿಸಿದ್ದಾರೆ.

"ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ಶಿಕ್ಷಕರಿಗೆ, ಕೆಲಸ ಬಿಟ್ಟು ಬಂದಿರುವ ಅಪ್ಪ ಅಮ್ಮಂದಿರಿಗೆ ನಮಸ್ಕಾರ. ಇನ್ನು ನಾನು ಮಕ್ಕಳ ಜೊತೆ ಮಾತಾಡುತ್ತೇನೆ.

ಮಕ್ಕಳೇ, ಪಥಸಂಚಲನ ತುಂಬಾ ಚೆನ್ನಾಗಿತ್ತು. ನೀವು ದಿನಾ ಸಂಜೆ ಅಭ್ಯಾಸ ಮಾಡಿದ್ದನ್ನು ನಾನು ಆಫೀಸಿನ ಕಿಟಕಿಯಿಂದ ನೋಡಿದ್ದೇನೆ. ಇವತ್ತು ಗೆಲ್ಲಬೇಕು ಅಂತಲೇ ಬಂದವರು ಇಲ್ಲಿ ಇದ್ದೀರಿ. ಗೆಲ್ಲಬೇಕು ಅಂತಲೇ ಓಡಿ. ನಿಯಮ ಮೀರದೆ, ಪೂರ್ತಿ ಶಕ್ತಿ ಹಾಕಿ ಓಡಿ. ನೀವು ಗೆದ್ದರೆ ನಮಗೆಲ್ಲ ಖುಷಿ.

ಈಗ ಎಲ್ಲರಿಗೂ ಒಂದು ಕಥೆ. 2000ನೇ ಇಸವಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಲಿಂಪಿಕ್ಸ್. ನೂರು ಮೀಟರ್ ಈಜು. ಆಫ್ರಿಕಾದ ಒಂದು ಪುಟ್ಟ ದೇಶದಿಂದ ಎರಿಕ್ ಅನ್ನುವ ಯುವಕ ಬಂದಿದ್ದ. ಅವನು ಈಜು ಕಲಿಯಲು ಶುರುಮಾಡಿ ಒಂದು ವರ್ಷವೂ ಆಗಿರಲಿಲ್ಲ. ಅಷ್ಟು ಉದ್ದದ ಕೊಳವನ್ನು ನೋಡಿದ್ದೇ ಅಲ್ಲಿ. ಅವನ ಜೊತೆ ಇಬ್ಬರು ಈಜಬೇಕಿತ್ತು. ಇಬ್ಬರೂ ಸೂಚನೆಗೆ ಮೊದಲೇ ಹಾರಿಬಿಟ್ಟರು, ಹೊರಗೆ ಹೋಗಬೇಕಾಯಿತು. ಎರಿಕ್ ಒಬ್ಬನೇ ನೀರಿಗೆ ಹಾರಿದ. ಹೋಗುವಾಗ ಹೋದ. ವಾಪಸ್ ಬರುವಾಗ ಕೈ ಸೋತಿತು. ಮುಂದಕ್ಕೆ ಹೋಗುವುದೇ ಕಷ್ಟವಾಯಿತು. ಆಗ ಅಲ್ಲಿ ಕೂತಿದ್ದ ಸಾವಿರಾರು ಜನ ಏನು ಮಾಡಿದರು ಗೊತ್ತಾ? ಯಾರೂ ಎದ್ದು ಹೋಗಲಿಲ್ಲ. ಕೂಗಿದರು, ಚಪ್ಪಾಳೆ ತಟ್ಟಿದರು. ಅವನು ಗೋಡೆ ಮುಟ್ಟುವ ತನಕ ತಟ್ಟಿದರು. ಎರಿಕ್ ಗೋಡೆ ಮುಟ್ಟಿದ. ಆಮೇಲೆ ಅವನು ಈಜು ಬಿಡಲಿಲ್ಲ. ತನ್ನ ದೇಶದ ಈಜು ತಂಡಕ್ಕೆ ಕಲಿಸುವ ಕೋಚ್ ಆದ.

ಆ ಜನ ಮಾಡಿದ ಕೆಲಸವನ್ನು ಇವತ್ತು ನೀವು ಮಾಡಬೇಕು. ಪ್ರತಿ ಓಟದಲ್ಲಿ, ಕೊನೆಯ ಹುಡುಗ, ಕೊನೆಯ ಹುಡುಗಿ ಗೆರೆ ದಾಟುವ ತನಕ ನಿಮ್ಮ ಚಪ್ಪಾಳೆ ನಿಲ್ಲಬಾರದು. ಈಗಲೇ ಒಂದು ಸಲ ಮಾಡಿ ನೋಡೋಣ. ನಾನು ಕೈ ಕೆಳಗೆ ಇಳಿಸುವ ತನಕ ತಟ್ಟಿ. ಹೂಂ, ಶುರು ಮಾಡಿ. ಸಾಕು! ಇಷ್ಟೇ ಜೋರಾಗಿ, ಸಂಜೆಯವರೆಗೆ.

ಓಡುವವರಿಗೂ ಒಂದು ಮಾತು. ನಡುವೆ ಬಿಟ್ಟು ಹೋಗಬೇಡಿ. ಓಟ ಮುಗಿಸಿದ ಎಲ್ಲರಿಗೂ ನಿಮ್ಮ ಹೌಸಿಗೆ ಒಂದು ಪಾಯಿಂಟ್ ಇದೆ. ಆದರೆ ಏಟಾದರೆ, ತಲೆ ಸುತ್ತಿದರೆ ಅಲ್ಲೇ ನಿಂತು ಕೈ ಎತ್ತಿ. ಪಿ.ಟಿ. ಸರ್ ಬರುತ್ತಾರೆ.

ಮಧ್ಯಾಹ್ನ ಮೂರು ಗಂಟೆಗೆ ಎಲ್ಲರ ಓಟ. ಹೆಸರು ಕೊಡಬೇಕಾಗಿಲ್ಲ. ಒಂದೇ ಸುತ್ತು. ಓಡಿ, ನಡೆಯಿರಿ, ಗೆಳತಿಯ ಕೈ ಹಿಡಿದುಕೊಂಡು ಬನ್ನಿ. ಅದರಲ್ಲಿ ಒಂದನೇ ಸ್ಥಾನವೂ ಇಲ್ಲ, ಕೊನೆಯ ಸ್ಥಾನವೂ ಇಲ್ಲ. ನಾನೂ ನಿಮ್ಮ ಜೊತೆ ಬರುತ್ತೇನೆ.

ನಮ್ಮ ಶಾಲೆಯ ಈ ವರ್ಷದ ಕ್ರೀಡಾಕೂಟ ಶುರುವಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ."

ಈ ಭಾಷಣ ಹೀಗೇಕೆ

ಚಪ್ಪಾಳೆಯ ಅಭ್ಯಾಸವೇ ಇದರ ಮುಖ್ಯ ಭಾಗ. ಉಪದೇಶ ಮರೆತುಹೋಗುತ್ತದೆ, ಕೈಯಿಂದ ಒಮ್ಮೆ ಮಾಡಿದ್ದು ಉಳಿಯುತ್ತದೆ. ನಿರೂಪಣೆ ಮಾಡುವವರು ಇದನ್ನು ದಿನವಿಡೀ ಮುಂದುವರಿಸಬೇಕು. ಮೊದಲ ಓಟದಲ್ಲಿ ಮೂರನೆಯವರು ದಾಟಿದ ಕೂಡಲೇ ಮೈಕಿನಲ್ಲಿ "ಇನ್ನೂ ಇಬ್ಬರು ಬರುತ್ತಿದ್ದಾರೆ, ಚಪ್ಪಾಳೆ!" ಅನ್ನಿ. ಎರಡು ಮೂರು ಓಟ ಕಳೆಯುವಷ್ಟರಲ್ಲಿ ಹೇಳದೆಯೇ ತಟ್ಟಲು ಶುರುಮಾಡುತ್ತಾರೆ. ಆದರೆ ಕೊನೆಯವರ ಹೆಸರು ಹಿಡಿದು ಕೂಗಬೇಡಿ. ಕೆಲವು ಮಕ್ಕಳಿಗೆ ಅದು ಇನ್ನೂ ಮುಜುಗರ.

ವೇದಿಕೆಯ ಮೇಲಿರುವವರ ಹೆಸರುಗಳನ್ನು ಬಿಟ್ಟಿದ್ದನ್ನು ಗಮನಿಸಿರಬಹುದು. ಸ್ವಾಗತ ಭಾಷಣದಲ್ಲಿ ಎಲ್ಲರ ಹೆಸರೂ ಬಂದಿರುತ್ತದೆ, ಹಾರ ಶಾಲು ಆಗಿರುತ್ತದೆ. ಮತ್ತೆ ಹೇಳಲು ಹೋದರೆ ಎರಡು ನಿಮಿಷ ಅದಕ್ಕೇ ಬೇಕು. ಯಾರಿಗಾದರೂ ಬೇಸರ ಆದೀತು ಅನ್ನಿಸಿದರೆ ಮೊದಲೇ ಹೇಳಿಬಿಡಿ: "ಸರ್, ಮಕ್ಕಳು ಬಿಸಿಲಲ್ಲಿದ್ದಾರೆ, ನಾನು ನೇರ ವಿಷಯಕ್ಕೆ ಬರ್ತೀನಿ." ಒಪ್ಪದವರನ್ನು ನಾನು ಕಂಡಿಲ್ಲ.

"ಸೋಲೇ ಗೆಲುವಿನ ಸೋಪಾನ", "ಸದೃಢ ದೇಹದಲ್ಲಿ ಸದೃಢ ಮನಸ್ಸು" ಮುಂತಾದ ಸಾಲುಗಳೂ ಇಲ್ಲ. ಪ್ರಬಂಧ ಬರೆಯುವಾಗ ಮಕ್ಕಳು ಇವನ್ನು ಬಾಯಿಪಾಠ ಮಾಡಿರುತ್ತಾರೆ. ಮೈಕಿನಲ್ಲಿ ಕೇಳಿದ ಕೂಡಲೇ ಇನ್ನು ಇದು ಮಾಮೂಲಿ ಭಾಷಣ ಎಂದು ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ.

ಮೈದಾನದಲ್ಲಿ ಹೇಳುವುದು

ಮೇಲಿನ ಭಾಷಣ ಮೈದಾನದ ಮೈಕಿನಲ್ಲಿ ನಿಧಾನವಾಗಿ ಹೇಳಿದರೆ ಮೂರೂವರೆ ನಿಮಿಷದಿಂದ ನಾಲ್ಕು ನಿಮಿಷ ಹಿಡಿಯುತ್ತದೆ. ಅದಕ್ಕಿಂತ ಉದ್ದ ಬೇಡ. ಮನೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮನೆಯಲ್ಲಿ ನಾವು ಬೇಗ ಬೇಗ ಓದುತ್ತೇವೆ. ಮೈದಾನದಲ್ಲಿ ಹಾರ್ನ್ ಸ್ಪೀಕರಿನ ದನಿ ಶಾಲೆಯ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಒಂದು ಮಾತಿನ ಮೇಲೆ ಇನ್ನೊಂದು ಬೀಳುತ್ತದೆ. ಅದಕ್ಕೇ ವಾಕ್ಯಗಳು ಚಿಕ್ಕದಾಗಿರಬೇಕು, ಪ್ರತಿ ವಾಕ್ಯದ ಕೊನೆಗೆ ಒಂದು ಕ್ಷಣ ನಿಲ್ಲಬೇಕು. ನಿಮ್ಮ ದನಿ ಗೋಡೆಯಿಂದ ವಾಪಸ್ ಬಂದು ಅಡಗಿದ ಮೇಲೆ ಮುಂದಿನ ಮಾತು ಶುರುಮಾಡಿ. ಹಿಂದಿನ ಸಾಲಿನ ಮಕ್ಕಳು ಕಥೆಯ ಪ್ರಶ್ನೆಗೆ ತಲೆ ಎತ್ತದಿದ್ದರೆ ಅವರಿಗೆ ಕೇಳುತ್ತಿಲ್ಲ ಎಂದೇ ಅರ್ಥ. ಇನ್ನೂ ನಿಧಾನ ಮಾಡಿ.

ಕಾಗದ ಗಾಳಿಗೆ ಹಾರುತ್ತದೆ, ಹಾಗಾಗಿ ರಟ್ಟಿಗೆ ಅಂಟಿಸಿಕೊಳ್ಳಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕಥೆಯ ಭಾಗವನ್ನು ಮಾತ್ರ ನೋಡದೆ ಹೇಳಲು ಕಲಿತುಕೊಂಡರೆ ಒಳ್ಳೆಯದು. ಗಾಳಿ ನೇರವಾಗಿ ಮೈಕಿಗೆ ಬಡಿದರೆ ಬುಸ್ ಎನ್ನುವ ಸದ್ದು ಬರುತ್ತದೆ, ಆಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಬಿಸಿಲು ಇನ್ನೂ ಮುಖ್ಯ. ಬೆಳಗ್ಗೆ ತಿಂಡಿ ತಿನ್ನದೆ ಬಂದ ಮಕ್ಕಳು ಇರುತ್ತಾರೆ. ಪಥಸಂಚಲನ ಮುಗಿಸಿ ಸಾವಧಾನ ಸ್ಥಿತಿಯಲ್ಲೇ ನಿಲ್ಲಿಸಿದರೆ ಒಬ್ಬರಿಬ್ಬರು ತಲೆ ಸುತ್ತಿ ಬೀಳುವುದು ಅಪರೂಪವೇನಲ್ಲ. ಭಾಷಣಕ್ಕೆ ಮೊದಲೇ ಕೂರಿಸಲು ಪಿ.ಟಿ. ಮೇಷ್ಟ್ರಿಗೆ ಹೇಳಿ. ಸೂರ್ಯ ನಿಮ್ಮ ಮುಖಕ್ಕೆ ಬೀಳಲಿ, ಮಕ್ಕಳ ಮುಖಕ್ಕೆ ಬೇಡ. ಮೈಕಿನ ಜಾಗವನ್ನು ಹಿಂದಿನ ದಿನ ಅದೇ ಹೊತ್ತಿಗೆ ನಿಂತು ನೋಡಿ ಗುರುತು ಮಾಡಿದರೆ ಆಯಿತು.

ಕಿರಿಯ ಪ್ರಾಥಮಿಕ ಶಾಲೆಯಾದರೆ ಒಲಿಂಪಿಕ್ಸ್ ಕಥೆ ಬೇಡ. ಚಪ್ಪಾಳೆಯ ಅಭ್ಯಾಸ, ಎಲ್ಲರ ಓಟದ ಕರೆ, ಅಷ್ಟೇ. ಒಂದೂವರೆ ನಿಮಿಷ ಸಾಕು. ವಿದ್ಯಾರ್ಥಿ ನಾಯಕಿ ಭಾಷಣ ಮಾಡುವುದಾದರೆ "ನೀವು" ಅನ್ನುವ ಕಡೆಯೆಲ್ಲ "ನಾವು" ಎಂದು ಬದಲಾಯಿಸಿಕೊಡಿ. ಓರಗೆಯವಳು ಬುದ್ಧಿ ಹೇಳಿದರೆ ಮಕ್ಕಳು ಒಪ್ಪುವುದಿಲ್ಲ, ಜೊತೆಗೆ ಕರೆದರೆ ಬರುತ್ತಾರೆ.

ಅತಿಥಿಗಳಲ್ಲಿ ಒಂದು ಕೋರಿಕೆ. ಭಾಷಣ ಮುಗಿದ ಕೂಡಲೇ ಇನ್ನೊಂದು ಕಾರ್ಯಕ್ರಮವಿದೆ ಎಂದು ಕಾರು ಹತ್ತಬೇಡಿ. ಮೊದಲ ಎರಡು ಓಟದ ತನಕವಾದರೂ ಇರಿ. ಇರುವಾಗ ಕುರ್ಚಿಯಲ್ಲಿ ಕೂರದೆ ಮುಕ್ತಾಯದ ಗೆರೆಯ ಹತ್ತಿರ ಹೋಗಿ ನಿಂತು ಕೊನೆಯವರಿಗೆ ನೀವೇ ಚಪ್ಪಾಳೆ ತಟ್ಟಿ. ನೀವು ಹೇಳಿದ್ದನ್ನು ನೀವೇ ಮಾಡುತ್ತಿದ್ದೀರಾ ಎಂದು ಮಕ್ಕಳು ನೋಡುತ್ತಾರೆ.

ಒಂದೇ ನಿಮಿಷ ಸಿಕ್ಕರೆ

ಗಣ್ಯರು ತಡವಾಗಿ ಬರುತ್ತಾರೆ, ಮೋಡ ಕವಿಯುತ್ತದೆ, ಹಿಂದಿನವರ ಮಾತು ಉದ್ದವಾಗುತ್ತದೆ. ಪಿ.ಟಿ. ಮೇಷ್ಟ್ರು ಗಡಿಯಾರ ತೋರಿಸುತ್ತಾರೆ. ಆಗ ಕಥೆಯನ್ನು ಪೂರ್ತಿ ಬಿಡಿ. ಅದನ್ನು ಅರ್ಧ ಹೇಳುವುದಕ್ಕಿಂತ ಹೇಳದಿರುವುದೇ ಲೇಸು. ಚಪ್ಪಾಳೆ ಮತ್ತು ಎಲ್ಲರ ಓಟ ಮಾತ್ರ ಬಿಡಬೇಡಿ. ಇಷ್ಟು ಹೇಳಿದರೆ ಸಾಕು:

"ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಗೆಲ್ಲಲು ಬಂದವರು ಪೂರ್ತಿ ಶಕ್ತಿ ಹಾಕಿ ಓಡಿ. ನೋಡುವವರು ಕೊನೆಯವರು ಗೆರೆ ದಾಟುವ ತನಕ ಚಪ್ಪಾಳೆ ತಟ್ಟಿ. ಈಗ ಒಂದು ಸಲ ತಟ್ಟಿ ತೋರಿಸಿ. ಚೆನ್ನಾಗಿದೆ! ಏಟಾದರೆ ನಿಂತು ಕೈ ಎತ್ತಿ. ಮೂರು ಗಂಟೆಗೆ ಎಲ್ಲರ ಓಟ, ಹೆಸರು ಕೊಡದವರೂ ಬನ್ನಿ, ನಾನೂ ಇರುತ್ತೇನೆ. ಕ್ರೀಡಾಕೂಟ ಶುರುವಾಗಿದೆ ಎಂದು ಘೋಷಿಸುತ್ತೇನೆ."